ನಿಫ್ಟಿ ತಡವಾಗಿ ಏರಿದರೆ: ಒಂಟಿ ಕಾಲ್ ಮತ್ತು ಬುಲ್ ಕಾಲ್ ಸ್ಪ್ರೆಡ್

ಪ್ರಶ್ನೆ: ನಿಫ್ಟಿ ಏರುತ್ತೆ ಅಂತ ಕಾಲ್ ತಗೋತೀನಿ. ಏರುತ್ತೆ ಕೂಡ, ಆದರೆ ಅಷ್ಟರಲ್ಲಿ ಪ್ರೀಮಿಯಂ ಕರಗಿ ಹೋಗಿರುತ್ತೆ. ಬುಲ್ ಕಾಲ್ ಸ್ಪ್ರೆಡ್ ಮಾಡು ಅಂತಾರೆ ಆಫೀಸಿನವರು. ಲಾಭಕ್ಕೆ ಮಿತಿ ಹಾಕಿಕೊಂಡು ಏನು ಸಿಗುತ್ತೆ? ನಾನು ಆರ್ಡರ್ ಹಾಕೋದು ಹೆಚ್ಚಾಗಿ ಲೋಕಲ್ ಟ್ರೈನಿನಲ್ಲಿ, ಮೊಬೈಲಿನಿಂದ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಧಾನವಾಗಿ ಏರುವ ಮಾರ್ಕೆಟ್ಟಿಗೆ ಸ್ಪ್ರೆಡ್ ಒಳ್ಳೆಯದು, ಥಟ್ಟನೆ ಜಿಗಿಯುವ ಮಾರ್ಕೆಟ್ಟಿಗೆ ಒಂಟಿ ಕಾಲೇ ಮೇಲು. ಯಾಕೆ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ.

ನಿಫ್ಟಿ 25,000ದಲ್ಲಿದೆ, ಎಕ್ಸ್‌ಪೈರಿಗೆ 21 ದಿನ ಇದೆ ಎಂದಿಟ್ಟುಕೊಳ್ಳಿ. ವೊಲಾಟಿಲಿಟಿ ಶೇ 13ರ ಆಸುಪಾಸು ಇದ್ದರೆ 25,000ದ ಕಾಲ್ ಸುಮಾರು 360 ರೂಪಾಯಿಗೆ, 25,500ರ ಕಾಲ್ ಸುಮಾರು 150ಕ್ಕೆ ಸಿಗುತ್ತದೆ. ಲಾಟಿಗೆ 65ರಂತೆ ಒಂಟಿ ಕಾಲಿಗೆ 23,400 ರೂಪಾಯಿ ಬೇಕು. ಅದೇ ಕಾಲ್ ಕೊಂಡು, ಅದೇ ಎಕ್ಸ್‌ಪೈರಿಯ 25,500ರ ಕಾಲ್ ಮಾರಿದರೆ ಕೈಯಿಂದ ಹೋಗುವುದು ಯೂನಿಟ್ಟಿಗೆ 210 ರೂಪಾಯಿ, ಅಂದರೆ ಲಾಟಿಗೆ 13,650. ಹೆಚ್ಚೆಂದರೆ ಅಷ್ಟೇ ನಷ್ಟ. ಗರಿಷ್ಠ ಲಾಭ 500ರಲ್ಲಿ 210 ಕಳೆದು 290 ಪಾಯಿಂಟ್, ಅಂದರೆ 18,850. ಬ್ರೋಕರೇಜ್, ತೆರಿಗೆ ಬೇರೆ.

ಒಂದು ವಾರ ನಿಫ್ಟಿ ಅಲ್ಲಾಡದೆ ಅಲ್ಲೇ ಕೂತಿತು ಅನ್ನಿ. ಒಂಟಿ ಕಾಲ್ 287ರ ಹತ್ತಿರಕ್ಕೆ ಇಳಿದಿರುತ್ತದೆ, 73 ಪಾಯಿಂಟ್ ಹೋಯಿತು. ಅಷ್ಟರಲ್ಲಿ ನೀವು ಮಾರಿದ ಕಾಲ್ ಕೂಡ 150ರಿಂದ 97ಕ್ಕೆ ಕರಗಿರುತ್ತದೆ. ಆ ಕರಗುವಿಕೆ ನಿಮ್ಮ ಜೇಬಿಗೆ ಬರುವುದರಿಂದ ಸ್ಪ್ರೆಡ್ಡಿನಲ್ಲಿ ಹೋಗುವುದು 20 ಪಾಯಿಂಟ್ ಮಾತ್ರ. ಲಾಟಿಗೆ 4,745 ರೂಪಾಯಿಯ ಬದಲು 1,300.

ಎಕ್ಸ್‌ಪೈರಿ ದಿನ ನಿಫ್ಟಿ 25,500ರಲ್ಲಿ ನಿಂತರೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಒಂಟಿ ಕಾಲಿಗೆ 140 ಪಾಯಿಂಟ್ ಲಾಭ, ಸ್ಪ್ರೆಡ್ಡಿಗೆ 290. ಒಂಟಿ ಕಾಲ್ ಸ್ಪ್ರೆಡ್ಡನ್ನು ಹಿಂದೆ ಹಾಕಬೇಕಾದರೆ ನಿಫ್ಟಿ 25,650 ದಾಟಬೇಕು, ಅಂದರೆ ಮಾರಿದ ಸ್ಟ್ರೈಕಿಗೆ ನಿಮಗೆ ಬಂದ 150 ಸೇರಿಸಿದಷ್ಟು. ಆರ್ಡರ್ ಹಾಕುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ಎಕ್ಸ್‌ಪೈರಿಯೊಳಗೆ 25,650ರ ಮೇಲೆ ಹೋಗುತ್ತದೆಂದು ನಿಜವಾಗಿ ಅನ್ನಿಸುತ್ತದೆಯೇ? ಇಲ್ಲವಾದರೆ ನೀವು ಬಿಟ್ಟುಕೊಡುತ್ತಿರುವ ಲಾಭ ಹೇಗೂ ನಿಮಗೆ ಸಿಗುವಂಥದ್ದಲ್ಲ.

ಹೊಸಬರು ಎಡವುವುದು ಬೇರೆ ಕಡೆ. ಮೂರೇ ದಿನದಲ್ಲಿ ನಿಫ್ಟಿ 25,500 ಮುಟ್ಟಿತು, ಗರಿಷ್ಠ ಲಾಭ ಕೈಗೆ ಬಂತು ಅಂದುಕೊಂಡು ಆ್ಯಪ್ ತೆರೆದರೆ ಅಲ್ಲಿ ಕಾಣುವುದು 120 ಪಾಯಿಂಟ್ ಆಸುಪಾಸು. ಇನ್ನೂ 18 ದಿನ ಬಾಕಿ ಇರುವುದರಿಂದ ನೀವು ಮಾರಿದ ಕಾಲ್ ಈಗ 335ರ ಹತ್ತಿರ ಇರುತ್ತದೆ, ಲಾಭವನ್ನು ಅದು ತಿನ್ನುತ್ತಿರುತ್ತದೆ. ಅದೇ ಹೊತ್ತಿನಲ್ಲಿ ಒಂಟಿ ಕಾಲ್ 300ಕ್ಕೂ ಹೆಚ್ಚು ಪಾಯಿಂಟ್ ಗಳಿಸಿರುತ್ತದೆ. ಎರಡು ಮೂರು ದಿನದಲ್ಲಿ ಮುಗಿಯುವ ಜಿಗಿತಕ್ಕೆ ಸ್ಪ್ರೆಡ್ ಬೇಡ ಅನ್ನುವುದು ಇದಕ್ಕೇ. ಆದರೆ ಇಲ್ಲಿಂದ ಮುಂದೆ ಗಡಿಯಾರ ನಿಮ್ಮ ಕಡೆಗೆ ತಿರುಗುತ್ತದೆ. ನಿಫ್ಟಿ ಮೇಲಿನ ಸ್ಟ್ರೈಕಿನ ಹತ್ತಿರ ಅಥವಾ ಅದರ ಮೇಲೆ ನಿಂತಷ್ಟು ದಿನ ಸ್ಪ್ರೆಡ್ಡಿನ ಬೆಲೆ ಮೆಲ್ಲಗೆ 500ರ ಕಡೆ ಏರುತ್ತದೆ. ಕೆಳಗಿನ ಸ್ಟ್ರೈಕಿನ ಬಳಿ ಕೂತರೆ ಕರಗುತ್ತದೆ. ಹಾಗಾಗಿ ಕಾಯಬೇಕೋ ಬೇಡವೋ ಎನ್ನುವುದನ್ನು ನಿಫ್ಟಿ ಎಲ್ಲಿದೆ ಎಂದು ನೋಡಿಯೇ ತೀರ್ಮಾನಿಸಿ.

ಇನ್ನು ಲೋಕಲ್ ಟ್ರೈನಿನ ಮಾತು. ಮೊದಲು ಕೊಳ್ಳುವ ಆರ್ಡರ್ ಹಾಕಿ, ಅದು ಪೂರ್ತಿಯಾದ ಮೇಲೆಯೇ ಮಾರುವ ಆರ್ಡರ್. ತಿರುಗುಮುರುಗು ಮಾಡಿದರೆ ಬರಿಗೈ ಮಾರಾಟದ ಮಾರ್ಜಿನ್ ಕೇಳುತ್ತದೆ, ಅದು ಲಾಟಿಗೆ ಲಕ್ಷದ ಮೇಲೆ. ಹೊರಬರುವಾಗ ಇದರ ಉಲ್ಟಾ: ಮೊದಲು ಮಾರಿದ್ದನ್ನು ಮರಳಿ ಕೊಳ್ಳಿ, ಆಮೇಲೆ ಕೊಂಡದ್ದನ್ನು ಮಾರಿ. ಕೊಂಡ ಕಾಲನ್ನು ಮೊದಲು ಮಾರಿದ ಕ್ಷಣದಲ್ಲೇ ನೆಟ್‌ವರ್ಕ್ ಹೋಯಿತೆಂದರೆ ಕೈಯಲ್ಲಿ ಉಳಿಯುವುದು ನಷ್ಟಕ್ಕೆ ಮಿತಿಯೇ ಇಲ್ಲದ ಮಾರಿದ ಕಾಲ್. ಎರಡಕ್ಕೂ ಲಿಮಿಟ್ ಆರ್ಡರ್ ಇರಲಿ. ಎರಡು ಕಾಲಿನಲ್ಲೂ ಒಂದೆರಡು ಪಾಯಿಂಟ್ ಸೋರಿದರೆ, ಹೋಗುವಾಗ ಬರುವಾಗ ಸೇರಿ ನಾಲ್ಕು ಸಲ ಸೋರುತ್ತದೆ.

ನಿಫ್ಟಿಯಲ್ಲಿ ವ್ಯವಹಾರ ಹಣದಲ್ಲೇ ಚುಕ್ತಾ ಆಗುತ್ತದೆ. ಇದೇ ಸ್ಪ್ರೆಡ್ಡನ್ನು ಷೇರಿನ ಆಪ್ಷನ್ನಿನಲ್ಲಿ ಮಾಡಿ, ಎಕ್ಸ್‌ಪೈರಿ ದಿನ ಬೆಲೆ ಎರಡು ಸ್ಟ್ರೈಕಿನ ನಡುವೆ ನಿಂತರೆ, ಮಾರಿದ ಕಾಲ್ ಸತ್ತು ಕೊಂಡ ಕಾಲ್ ಉಳಿಯುತ್ತದೆ. ಆಗ ಇಡೀ ಲಾಟಿನ ಷೇರುಗಳಿಗೆ ದುಡ್ಡು ಕಟ್ಟಿ ಡೆಲಿವರಿ ತಗೊಳ್ಳಬೇಕು. ಷೇರಿನ ಸ್ಪ್ರೆಡ್ಡಾದರೆ ಎಕ್ಸ್‌ಪೈರಿಗೆ ಎರಡು ದಿನ ಮುಂಚೆಯೇ ಎರಡೂ ಕಾಲನ್ನು ಮುಚ್ಚಿಬಿಡಿ.