ತೆರೆಯಬೇಕು ಅನ್ನಿಸುವ ಸಬ್ಜೆಕ್ಟ್ ಲೈನ್

ಪ್ರಶ್ನೆ: ಬೆಳಗಾವಿ ಉದ್ಯಮಬಾಗದಲ್ಲಿ ನಮ್ಮ ಫೌಂಡ್ರಿ ಇದೆ. ಗಿರಾಕಿಗಳು ತುಂಬಾ ಬಿಜಿ, ಇಮೇಲ್ ತೆರೆಯೋದೇ ಇಲ್ಲ. ಸ್ಪ್ಯಾಮ್ ಅನ್ನಿಸದ ಹಾಗೆ ಸಬ್ಜೆಕ್ಟ್ ಹೇಗೆ ಬರೆಯಲಿ?

ಉತ್ತರ: ಅವರ ಕೆಲಸದ ಹೆಸರು ಮೊದಲು, ಅವರಿಂದ ಏನು ಬೇಕು ಅನ್ನೋದು ಆಮೇಲೆ. ಇಷ್ಟೇ ಇರಲಿ.

ನಾನೂ ಇಲ್ಲೇ ಕಾಸ್ಟಿಂಗ್ ಆರ್ಡರ್ ನೋಡಿಕೊಳ್ಳುತ್ತೇನೆ. ಹುಬ್ಬಳ್ಳಿಯ ಒಬ್ಬ ಗಿರಾಕಿಗೆ ‘ಅರ್ಜೆಂಟ್! ದಯವಿಟ್ಟು ಗಮನಿಸಿ’ ಅಂತ ಎರಡು ಸಲ ಕಳಿಸಿದೆ. ಉತ್ತರವೇ ಇಲ್ಲ. ಮೂರನೇ ಸಲ ಹೀಗೆ ಬರೆದೆ: ‘ಪಂಪ್ ಹೌಸಿಂಗ್ ಡ್ರಾಯಿಂಗ್: ಗುರುವಾರದೊಳಗೆ ಒಪ್ಪಿಗೆ ಬೇಕು’. ಮಧ್ಯಾಹ್ನವೇ ಉತ್ತರ ಬಂತು. ಮೊದಲನೆಯದನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದು. ಮೂರನೇ ಸಲ ಬರೆದದ್ದನ್ನು ಅವರ ಆರ್ಡರ್ ಗೊತ್ತಿದ್ದವರು ಮಾತ್ರ ಬರೆಯಬಲ್ಲರು. ನಂಬಿಕೆ ಹುಟ್ಟೋದು ಅಲ್ಲೇ.

ಮೊಬೈಲ್‌ನಲ್ಲಿ ಸಬ್ಜೆಕ್ಟ್‌ನ ಮೊದಲ ಭಾಗ ಮಾತ್ರ ಕಾಣುತ್ತದೆ, ಉಳಿದದ್ದು ಕತ್ತರಿಸಿಹೋಗುತ್ತದೆ. ಅದಕ್ಕೇ ಕಂಪನಿ ಹೆಸರು, ನಮಸ್ಕಾರ ಅಲ್ಲಿ ಬೇಡ. ಕಳಿಸುವ ಮೊದಲು ನಿಮಗೇ ಒಂದು ಕಳಿಸಿಕೊಂಡು ಫೋನಿನಲ್ಲಿ ನೋಡಿ. ‘ಡ್ರಾಯಿಂಗ್’ ಅನ್ನೋದು ಕಾಣದಿದ್ದರೆ ಪದಗಳನ್ನು ಹಿಂದೆ ಮುಂದೆ ಮಾಡಿ.

ಹಳೇ ಮಾತುಕತೆ ಇಲ್ಲದೆ ಸುಮ್ನೆ `Re:` ಹಾಕಬೇಡಿ. ಒಮ್ಮೆ ಗೊತ್ತಾದರೆ ನಿಮ್ಮ ನಿಜವಾದ ಮೇಲ್‌ಗಳನ್ನೂ ಅವರು ನಂಬೋದಿಲ್ಲ. ನಿಜವಾಗಿ ಗಡುವು ಇದ್ದರೆ ‘ಅರ್ಜೆಂಟ್’ ಬದಲು ದಿನವನ್ನೇ ಬರೆಯಿರಿ. ಹಳೇ ಮೇಲ್‌ಗೇ ಉತ್ತರಿಸುತ್ತಾ ಹೊಸ ವಿಷಯ ಎತ್ತಿದರೆ ಸಬ್ಜೆಕ್ಟನ್ನೂ ಬದಲಿಸಿ. ಕೊಟೇಶನ್ ಅಂತಿರುವ ಮೇಲ್‌ನಲ್ಲಿ ಬಾಕಿ ಬಿಲ್ ಇದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಇಷ್ಟಾದರೂ ಮೇಲ್ ನೇರ ಸ್ಪ್ಯಾಮ್‌ಗೇ ಹೋಗುತ್ತಿದ್ದರೆ ತಪ್ಪು ಬೇರೆ ಕಡೆ ಇರಬಹುದು. ಮೇಲ್ ನಿಜವಾಗಿ ನಿಮ್ಮಿಂದಲೇ ಬಂದದ್ದು ಅಂತ ತೋರಿಸುವ `SPF` ಮತ್ತು `DKIM` ಸೆಟ್ಟಿಂಗ್‌ಗಳು ನಿಮ್ಮ ಡೊಮೇನ್‌ಗೆ ಸರಿಯಾಗಿವೆಯೇ ಅಂತ ವೆಬ್‌ಸೈಟ್ ನೋಡಿಕೊಳ್ಳುವವರನ್ನು ಕೇಳಿ.