ಪಂಪು ಸಾಕು, ತೊಟ್ಟಿ ಸಾಲದು: ಗೋದಾಮಿನ ಸ್ಪ್ರಿಂಕ್ಲರ್ ಲೆಕ್ಕ

ಪ್ರಶ್ನೆ: ದಾಬಸ್‌ಪೇಟೆ ಬಳಿಯ ನಮ್ಮ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಅಟ್ಟಿ ಇಡುತ್ತೇವೆ. ಸಲಹೆಗಾರರು ಚದರ ಮೀಟರಿಗೆ ನಿಮಿಷಕ್ಕೆ 10 ಲೀಟರಿನಂತೆ 260 ಚದರ ಮೀಟರಿಗೆ, 90 ನಿಮಿಷ ನೀರು ಬೇಕೆಂದಿದ್ದಾರೆ. ಗುತ್ತಿಗೆದಾರರು ಮೊದಲ ಎರಡನ್ನು ಗುಣಿಸಿ ನಿಮಿಷಕ್ಕೆ 2,600 ಲೀಟರ್ ಎಂದು ಹೇಳಿ, ಗಂಟೆಗೆ 171 ಘನ ಮೀಟರ್, 70 ಮೀಟರ್ ಹೆಡ್‌ನ ಪಂಪು ಮತ್ತು 10 × 8 × 3.5 ಮೀಟರಿನ ತೊಟ್ಟಿ ಸೂಚಿಸಿದ್ದಾರೆ. ಇದು ಸರಿಯೇ?

ಉತ್ತರ: ಪಂಪು ಸಾಲುತ್ತದೆ, ತೊಟ್ಟಿ ಸಾಲುವುದಿಲ್ಲ. ಅದಕ್ಕೆ ಒಂದು ಕಾರಣ ಆ ಗುಣಾಕಾರದಲ್ಲೇ ಇದೆ.

10 ಲೀಟರ್ ಎಂಬುದು ಪಂಪಿನಿಂದ ಅತಿ ದೂರದ ಸ್ಪ್ರಿಂಕ್ಲರಿಗೂ ಸಿಗಲೇಬೇಕಾದ ಕನಿಷ್ಠ ಪ್ರಮಾಣವೇ ಹೊರತು ಸರಾಸರಿಯಲ್ಲ. ಸ್ಪ್ರಿಂಕ್ಲರುಗಳು 3 ಮೀಟರ್ ಅಂತರದಲ್ಲಿದ್ದರೆ ಒಂದೊಂದರ ಪಾಲಿಗೆ 9 ಚದರ ಮೀಟರ್ ಬರುತ್ತದೆ. ಅಂದರೆ ಕೊನೆಯದಕ್ಕೆ ನಿಮಿಷಕ್ಕೆ 90 ಲೀಟರ್ ಬೇಕು. ಸ್ಪ್ರಿಂಕ್ಲರಿನ ಬಾಯಿಯ ಗಾತ್ರವನ್ನು ಸೂಚಿಸುವ ಕೆ ಫ್ಯಾಕ್ಟರ್ 115 ಇದ್ದರೆ, ಹರಿವು Q, ಒತ್ತಡ P ಆಗಿರುವ Q = K√P ಸೂತ್ರದ ಪ್ರಕಾರ ಅಲ್ಲಿ 0.61 ಬಾರ್ ಒತ್ತಡವಿರಬೇಕು. ಈಗ ಹಿಂದಕ್ಕೆ ಬನ್ನಿ. ಒಳವ್ಯಾಸ 36 ಮಿಲಿಮೀಟರ್ ಇರುವ ಉಕ್ಕಿನ ಪೈಪಿನಲ್ಲಿ 90 ಲೀಟರ್ ಹರಿದರೆ 3 ಮೀಟರಿಗೆ ಸುಮಾರು 0.03 ಬಾರ್ ಘರ್ಷಣೆಯಲ್ಲಿ ಹೋಗುತ್ತದೆ. ಆದ್ದರಿಂದ ಎರಡನೆಯ ಸ್ಪ್ರಿಂಕ್ಲರಿನ ಬಳಿ 0.64 ಬಾರ್ ಇರುತ್ತದೆ, ಅದು 92 ಲೀಟರ್ ಸುರಿಸುತ್ತದೆ. ಮುಂದಿನ 3 ಮೀಟರಿನಲ್ಲಿ ಎರಡರ ನೀರೂ ಸೇರಿ 182 ಲೀಟರ್ ಹರಿಯುವುದರಿಂದ ನಷ್ಟ 0.10 ಬಾರಿಗೆ ಏರಿ, ಮೂರನೆಯದು 99 ಲೀಟರ್ ಸುರಿಸುತ್ತದೆ. ಹೀಗೆ ಪಂಪಿನ ಕಡೆಗೆ ಬಂದಂತೆಲ್ಲ ಪ್ರತಿ ಸ್ಪ್ರಿಂಕ್ಲರೂ ತನಗೆ ಬೇಕಾದುದಕ್ಕಿಂತ ಹೆಚ್ಚು ಸುರಿಸುತ್ತದೆ; ಅದನ್ನು ತಡೆಯಲು ಬರುವುದಿಲ್ಲ, ಲೆಕ್ಕಕ್ಕೆ ಹಿಡಿಯಬೇಕು ಅಷ್ಟೆ. 29 ಸ್ಪ್ರಿಂಕ್ಲರುಗಳ ಮೊತ್ತ ನಿಮ್ಮ ಪೈಪಿನ ಅಳತೆಗಳನ್ನು ಅವಲಂಬಿಸಿದೆಯಾದರೂ, ಇಲ್ಲಿ 3,100 ಲೀಟರ್ ಎಂದು ಹಿಡಿಯೋಣ.

ಒತ್ತಡದ ಲೆಕ್ಕಕ್ಕೂ ಇದೇ ದಾರಿ. ಕೊನೆಯ ಸ್ಪ್ರಿಂಕ್ಲರಿನ 0.61 ಬಾರಿಗೆ ಕವಲು ಮತ್ತು ಮುಖ್ಯ ಪೈಪುಗಳಲ್ಲಿ 1.6, 10 ಮೀಟರ್ ಎತ್ತರಕ್ಕೆ 0.98, ಅಲಾರಂ ವಾಲ್ವು ಮತ್ತು ಹೊರಗಿನ ಪೈಪಿಗೆ 0.9 ಸೇರಿಸಿದರೆ ಸುಮಾರು 4.1 ಬಾರ್ ಆಗುತ್ತದೆ. ಅರ್ಧ ಬಾರ್ ಉಳಿತಾಯವಿಟ್ಟುಕೊಂಡರೆ 4.6. ನಿಮ್ಮ ಪಂಪಿನ ನಮೂದಿತ ಹರಿವು ನಿಮಿಷಕ್ಕೆ 2,850 ಲೀಟರ್ ಆದರೂ, ಅಗ್ನಿಶಾಮಕ ಪಂಪು ನಮೂದಿತ ಹರಿವಿನ ಒಂದೂವರೆ ಪಟ್ಟಿನಲ್ಲೂ ಹೆಡ್‌ನ, ಅಂದರೆ ನೀರಿನ ಎತ್ತರವಾಗಿ ಹೇಳಿದ ಒತ್ತಡದ, 65 ಶೇಕಡಾವನ್ನು ಕೊಡಬೇಕಾದ್ದರಿಂದ, 3,100 ಲೀಟರಿನಲ್ಲಿ ಅದು 6 ಬಾರಿಗಿಂತ ಹೆಚ್ಚೇ ಕೊಡುತ್ತದೆ. ನಮೂದಿತ ಹರಿವೇ ಬೇಡಿಕೆಗಿಂತ ಹೆಚ್ಚಿರಲಿ ಎಂದು ಅನುಮೋದಿಸುವವರು ಕೇಳಬಹುದು. ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ತೊಂದರೆ ಬರುವುದು ಆ ಹೆಚ್ಚುವರಿ ಒತ್ತಡದಿಂದಲೇ. ಬೆಂಕಿ ಯಾವಾಗಲೂ ದೂರದ ಮೂಲೆಯಲ್ಲೇ ಹತ್ತಬೇಕೆಂದಿಲ್ಲ. ಪಂಪಿಗೆ ಹತ್ತಿರದ 260 ಚದರ ಮೀಟರಿನಲ್ಲಿ ಸ್ಪ್ರಿಂಕ್ಲರುಗಳು ತೆರೆದುಕೊಂಡರೆ ಪೈಪಿನ ನಷ್ಟ ಕಡಿಮೆ. 3,100 ಲೀಟರಿಗೆ ಅಲ್ಲಿ 3.2 ಬಾರ್ ಸಾಕೆಂದಿಟ್ಟುಕೊಳ್ಳಿ. ಆದರೆ ಪಂಪು ಅದಕ್ಕಿಂತ ಬಹಳ ಹೆಚ್ಚು ಕೊಡುತ್ತಿರುತ್ತದೆ. ಆಗ ಹರಿವು ಏರುತ್ತಾ ಹೋಗಿ, ಯಾವ ಹರಿವಿಗೆ ಎಷ್ಟು ಒತ್ತಡ ಬೇಕೆಂದು ತೋರಿಸುವ ಹತ್ತಿರದ ಜಾಗದ ಬೇಡಿಕೆಯ ರೇಖೆ, ಯಾವ ಹರಿವಿನಲ್ಲಿ ಎಷ್ಟು ಒತ್ತಡ ಸಿಗುತ್ತದೆಂದು ತೋರಿಸುವ ಪಂಪಿನ ರೇಖೆಯನ್ನು ಕೂಡುವಲ್ಲಿ, ಸುಮಾರು 4,100 ಲೀಟರಿನಲ್ಲಿ, ನಿಲ್ಲುತ್ತದೆ. ಯುರೋಪಿನ ಇಎನ್ 12845 ಮಾನದಂಡದಲ್ಲಿ ತೊಟ್ಟಿಯನ್ನು ಅಳೆಯುವುದು ಈ ಗರಿಷ್ಠ ಹರಿವಿನಿಂದಲೇ, ಮತ್ತು ಅದೇ ಸರಿಯಾದ ಕ್ರಮ ಎಂಬುದು ನನ್ನ ಅಭಿಪ್ರಾಯ: 4,100 × 90, ಅಂದರೆ 369 ಘನ ಮೀಟರ್.

ಈಗ ನಿಮ್ಮ ತೊಟ್ಟಿಯನ್ನು ನೋಡಿ. ಕಟ್ಟಿದ ಅಳತೆ 280 ಘನ ಮೀಟರ್ ಆದರೂ ಮೇಲೆ 0.3 ಮೀಟರ್ ಖಾಲಿ ಬಿಡಬೇಕು. ಕೆಳಗೆ ಹೀರುವ ಪೈಪಿನ ಬಾಯಿಗೆ ಸುಳಿಯೆದ್ದು ಗಾಳಿ ನುಗ್ಗದಿರಲು 0.6 ಮೀಟರ್ ನೀರು ಉಳಿಯಲೇಬೇಕು. ಉಪಯೋಗಕ್ಕೆ ಸಿಗುವುದು 2.6 ಮೀಟರ್ ಆಳ, 208 ಘನ ಮೀಟರ್. ಅದು ಗುತ್ತಿಗೆದಾರರದೇ ಲೆಕ್ಕದ 2,600 × 90, ಅಂದರೆ 234 ಘನ ಮೀಟರಿಗೂ ಸಾಲದು, ಮತ್ತು ಮೇಲೆ ಹೇಳಿದ ಬೆಂಕಿಯಲ್ಲಿ 51 ನಿಮಿಷಕ್ಕೆ ಖಾಲಿಯಾಗುತ್ತದೆ. ಹೈಡ್ರಂಟಿಗೂ ಇದೇ ತೊಟ್ಟಿಯಾದರೆ ಅದರ ನೀರನ್ನು ಬೇರೆಯಾಗಿ ಕೂಡಿಸಬೇಕು.

ಅದೇ 171 ಘನ ಮೀಟರಿನ, 56 ಮೀಟರ್ ಹೆಡ್‌ನ ಪಂಪನ್ನು ಆರಿಸಿದರೆ 3,100 ಲೀಟರಿನಲ್ಲಿ ಬೇಕಾದ 4.6 ಬಾರಿಗಿಂತ ಹೆಚ್ಚೇ ಸಿಗುತ್ತದೆ, ಹತ್ತಿರದ ಹರಿವು ಮಾತ್ರ ಸುಮಾರು 3,800 ಲೀಟರಿಗೆ ಇಳಿಯುತ್ತದೆ. ತೊಟ್ಟಿಯಲ್ಲಿ 342 ಘನ ಮೀಟರ್ ಉಪಯುಕ್ತ ನೀರು ಸಾಕು. ನಿಮ್ಮ 10 × 8 ತಳಕ್ಕೆ ಅದು ಒಟ್ಟು 5.2 ಮೀಟರ್ ಆಳವಾಗುತ್ತದೆ. ಮೋಟಾರನ್ನು ನಮೂದಿತ ಬಿಂದುವಿಗಲ್ಲ, ರೇಖೆಯ ಕೊನೆಯ ಹರಿವಿಗೆ ಹೊಂದಿಸಿರಬೇಕು. ಇಲ್ಲದಿದ್ದರೆ ಹೆಚ್ಚು ನೀರು ಹರಿದಾಗಲೇ ಅದು ಟ್ರಿಪ್ ಆಗುವ ಸಾಧ್ಯತೆಯಿದೆ.

ಇಲ್ಲಿಯ ಅಂಕಿಗಳನ್ನು ನೇರವಾಗಿ ಬಳಸಬೇಡಿ, ದಾರಿಯನ್ನು ಬಳಸಿ. ದೂರದ ಮತ್ತು ಹತ್ತಿರದ ಜಾಗಗಳ ಎರಡು ಬೇಡಿಕೆ ರೇಖೆಗಳನ್ನೂ ತಯಾರಕರು ಕೊಟ್ಟ ಪಂಪಿನ ರೇಖೆಯನ್ನೂ ಒಂದೇ ಹಾಳೆಯಲ್ಲಿ ಬರೆದುಕೊಡುವಂತೆ ಗುತ್ತಿಗೆದಾರರನ್ನು ಕೇಳಿ. ಅದು ಕೈಗೆ ಬರುವವರೆಗೆ ತೊಟ್ಟಿಯ ಅಗೆತ ಶುರುವಾಗದಿರಲಿ. ಪೆಟ್ಟಿಗೆಗಳನ್ನು ಇನ್ನೂ ಎತ್ತರಕ್ಕೆ ಅಟ್ಟುವ ಅಥವಾ ಪ್ಲಾಸ್ಟಿಕ್ ಸರಕು ತುಂಬುವ ಯೋಚನೆಯಿದ್ದರೆ ಈಗಲೇ ಸಲಹೆಗಾರರಿಗೆ ಹೇಳಿ, ಏಕೆಂದರೆ ಆಗ ಮೊದಲಿನ 10 ಲೀಟರೇ ಬದಲಾಗುತ್ತದೆ.