ಊಟದ ಮೇಜಿನ ಮೇಲಿನ ಕಚೇರಿ

ಪ್ರಶ್ನೆ: ನಮ್ಮದು ಬೆಂಗಳೂರಿನ ಬನಶಂಕರಿಯಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟ್. ನಾನು ಮನೆಯಿಂದಲೇ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಪತಿ ನ್ಯೂಯಾರ್ಕ್‌ನಲ್ಲಿರುವ ತಂಡವೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಾರೆ. ಕಾಲ್ ಇರುವುದರಿಂದ ಕೋಣೆ ಅವರಿಗೆ, ಊಟದ ಮೇಜು ನನಗೆ. ಕುಕ್ಕರ್, ಕೊರಿಯರ್, ಕಾಲಿಂಗ್ ಬೆಲ್ ಎಲ್ಲವೂ ನನ್ನ ಪಾಲು. ಬಿಡುವಾದಾಗ ಅವರು ಹೊರಬಂದು ಮಾತಿಗೆ ಕೂರುತ್ತಾರೆ, ನಾನು ಸಿಡುಕುತ್ತೇನೆ. ರಾತ್ರಿ ಇಬ್ಬರೂ ಮೊಬೈಲ್ ನೋಡುತ್ತ ಉಣ್ಣುತ್ತೇವೆ. ದಿನವಿಡೀ ಜೊತೆಗಿದ್ದೂ ಜೊತೆಯಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಕಾಲ್ ಇರುವುದರಿಂದ’ ಎಂಬ ಮಾತು. ಮಾತನಾಡುತ್ತ ಮಾಡುವ ಕೆಲಸ ಎಲ್ಲರಿಗೂ ಕೆಲಸವಾಗಿಯೇ ಕಾಣುತ್ತದೆ. ಸುಮ್ಮನೆ ಕುಳಿತು, ಮಾರಾಟಗಾರರು ಸಲ್ಲಿಸಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯನ್ನು ಖರೀದಿ ಪುಸ್ತಕದೊಂದಿಗೆ ತಾಳೆ ನೋಡುತ್ತಿರುವವರು ಮಾತ್ರ ಬಿಡುವಾಗಿದ್ದಾರೆಂದು ತೋರುತ್ತದೆ. ವಾಸ್ತವದಲ್ಲಿ ನಡುವೆ ಎದ್ದರೆ ಹೆಚ್ಚು ಕೆಡುವುದು ನಿಮ್ಮ ಕೆಲಸವೇ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿದಿರುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ವಿವರಿಸಿದ್ದರು. ಕೊರಿಯರ್ ಪಡೆದು ಬಂದ ಮೇಲೆ ಯಾವ ಬಿಲ್ಲಿನವರೆಗೆ ನೋಡಿದ್ದೆ ಎಂದು ಹುಡುಕುವ ಹೊತ್ತು ನಿಮಗೆ ಹೊಸದಲ್ಲ. ಆದ್ದರಿಂದ ಕೋಣೆ ಯಾರದು ಎಂಬುದನ್ನು ವ್ಯಕ್ತಿಯ ಮೇಲಲ್ಲ, ಆಯಾ ಗಂಟೆಯ ಕೆಲಸದ ಮೇಲೆ ನಿರ್ಧರಿಸಬೇಕು.

ಭಾನುವಾರ ಸಂಜೆ ಇಪ್ಪತ್ತು ನಿಮಿಷ ಇಬ್ಬರೂ ಒಂದೇ ಹಾಳೆಯ ಮೇಲೆ ವಾರವನ್ನು ಬರೆದುಕೊಳ್ಳಿ. ನಿಮ್ಮ ಪತಿಯ ತಂಡದವರ ಬೆಳಿಗ್ಗೆ ಒಂಬತ್ತು ಗಂಟೆ ಎಂದರೆ ಬೇಸಿಗೆಯ ತಿಂಗಳುಗಳಲ್ಲಿ ನಮ್ಮ ಸಂಜೆ ಆರೂವರೆ. ಹಾಗಿದ್ದ ಮೇಲೆ ಬೆಳಗಿನ ಹೊತ್ತಿನಲ್ಲಿ ಅವರಿಗೆ ನ್ಯೂಯಾರ್ಕಿನ ಕಾಲ್ ಇರುವ ಸಂಭವ ಕಡಿಮೆ. ಆಗ ಕೋಡ್ ಬರೆಯುವುದನ್ನು ಅವರು ಊಟದ ಮೇಜಿನಲ್ಲಿ ಕುಳಿತೇ ಮಾಡಬಹುದು. ಒಂಬತ್ತೂವರೆಯಿಂದ ಹನ್ನೆರಡೂವರೆಯವರೆಗೆ ಕೋಣೆ ನಿಮಗಿರಲಿ, ಬಾಗಿಲು ಮುಚ್ಚಿರಲಿ, ಬೆಲ್ಲೂ ಕುಕ್ಕರಿನ ಸೀಟಿಯೂ ಅವರ ಲೆಕ್ಕಕ್ಕಿರಲಿ. ಮಧ್ಯಾಹ್ನ ಎರಡರ ನಂತರ ಕೋಣೆ ಅವರಿಗೆ, ಬೆಲ್ಲು ನಿಮಗೆ. ಬೆಲ್ಲಿನ ಹೊಣೆಯನ್ನು ಕೋಣೆಯೊಂದಿಗೇ ಅದಲುಬದಲು ಮಾಡದಿದ್ದರೆ ಈ ಏರ್ಪಾಡು ಎರಡೇ ದಿನದಲ್ಲಿ ಮುರಿಯುತ್ತದೆ. ತಿಂಗಳ 14ಕ್ಕೆ 2ಬಿ ಬಂದು 20ರೊಳಗೆ ತಿಂಗಳ ತೆರಿಗೆಯ ವಿವರವಾದ 3ಬಿ ಸಲ್ಲಿಸಬೇಕಾದ ಆ ವಾರದಲ್ಲಿ ಮಧ್ಯಾಹ್ನದ ಕೋಣೆಯನ್ನೂ ನೀವೇ ಕೇಳಿ ಪಡೆಯಿರಿ. ಅವರ ಸಾಫ್ಟ್‌ವೇರ್ ಬಿಡುಗಡೆಯ ವಾರದಲ್ಲಿ ಅಷ್ಟನ್ನು ಹಿಂದಿರುಗಿಸಿ.

ಸದ್ದು ತಡೆಯುವ ದುಬಾರಿ ಹೆಡ್‌ಫೋನ್ ಕೊಂಡರೆ ಎಲ್ಲವೂ ಸರಿಹೋಗುತ್ತದೆಂದು ಯಾರಾದರೂ ಹೇಳಿಯಾರು. ಅದು ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ಚೆನ್ನಾಗಿ ತಗ್ಗಿಸುತ್ತದೆ, ಪಕ್ಕದವರ ಮಾತನ್ನು ಅಷ್ಟಾಗಿ ತಗ್ಗಿಸದು. ಮೇಲಾಗಿ ಎರಡೂ ಕಿವಿ ಮುಚ್ಚಿಕೊಂಡವರು ತಮ್ಮ ದನಿ ತಮಗೇ ಕೇಳಿಸದೆ ಜೋರಾಗಿ ಮಾತನಾಡುತ್ತಾರೆ. ಬಾಯಿಯ ಬಳಿ ಮೈಕ್ ಇರುವ ಸಾಧಾರಣ ಹೆಡ್‌ಸೆಟ್ ಹಾಕಿಕೊಂಡು ಒಂದು ಕಿವಿಯನ್ನು ತೆರೆದಿಟ್ಟರೆ ಅವರ ದನಿ ತಾನಾಗಿ ತಗ್ಗುತ್ತದೆ. ಬಾಗಿಲ ಕೆಳಗಿನ ಸಂದಿಗೆ ಸುತ್ತಿದ ಹಳೆಯ ಟವೆಲ್ಲೊಂದನ್ನು ಒತ್ತಿಟ್ಟರೆ ಇನ್ನಷ್ಟು ಅನುಕೂಲ.

ಇನ್ನು ಜೊತೆಗಿರುವ ಹೊತ್ತು. ಅವರು ಹೊರಬಂದು ಮಾತಿಗೆ ಕೂರುವುದು ನಿಮ್ಮ ಕೆಲಸದ ಬಗೆಗಿನ ಅಸಡ್ಡೆಯೇ ಇರಬೇಕೆಂದಿಲ್ಲ. ಬೇರೆ ಹೊತ್ತು ಗೊತ್ತಾಗಿಲ್ಲದ್ದರಿಂದ ಸಿಕ್ಕ ಸಂದಿಯಲ್ಲಿ ಅವರು ನಿಮ್ಮನ್ನು ಹುಡುಕುತ್ತಿರಬಹುದು. ‘ಈಗ ಬೇಡ’ ಎಂದಷ್ಟೇ ಹೇಳಿದರೆ ಅದು ನಿರಾಕರಣೆಯಂತೆ ಕೇಳಿಸುತ್ತದೆ, ‘ಹನ್ನೆರಡೂವರೆಗೆ ಊಟಕ್ಕೆ ಕೂರೋಣ, ಆಗ ಹೇಳಿ’ ಎಂದರೆ ಹಾಗೆ ಕೇಳಿಸುವುದಿಲ್ಲ. ಮಧ್ಯಾಹ್ನದ ಆ ಊಟಕ್ಕೆ ಮೇಜಿನಿಂದ ಎರಡೂ ಲ್ಯಾಪ್‌ಟಾಪ್ ಎತ್ತಿ ಬೇರೆಡೆ ಇಡಿ. ತಟ್ಟೆಯ ಪಕ್ಕದಲ್ಲಿ ಅವು ಇರುವವರೆಗೆ ಅದು ಕಚೇರಿಯ ಮೇಜೇ. ಸಂಜೆ ಆರಕ್ಕೆ ನಿಮ್ಮ ಕೆಲಸ ಮುಗಿದು ಆರೂವರೆಗೆ ಅವರ ಕಾಲ್ ತೊಡಗುವ ನಡುವಿನ ಅರ್ಧ ಗಂಟೆಯಲ್ಲಿ ಇಬ್ಬರೂ ಮನೆಯಿಂದ ಹೊರಗೆ ಹೋಗಿ ಬನ್ನಿ. ಬಸ್ಸಿನ ಪ್ರಯಾಣವಿಲ್ಲದ ಕೆಲಸಕ್ಕೆ ಅದೇ ಪ್ರಯಾಣ.

ಒಂದು ವಾರ ಬಾಗಿಲು ತೆರೆಯಲು ಎದ್ದವರು ಯಾರೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಹಾಕುತ್ತ ಹೋಗಿ. ಗೆರೆಗಳೆಲ್ಲ ಒಂದೇ ಹೆಸರಿನ ಕೆಳಗೆ ಬಿದ್ದು, ಅದನ್ನು ತೋರಿಸಿದ ಮೇಲೂ ಅವರು ನಕ್ಕು ಸುಮ್ಮನಾದರೆ, ತೊಡಕಿರುವುದು ಮನೆಯ ಅಳತೆಯಲ್ಲಲ್ಲ, ನಿಮ್ಮ ದುಡಿಮೆಗೆ ಅವರು ಕೊಟ್ಟಿರುವ ಬೆಲೆಯಲ್ಲಿ. ಆಗ ಆಡಬೇಕಾದ ಮಾತೇ ಬೇರೆ, ಅದಕ್ಕೆ ನನಗೆ ಮತ್ತೆ ಬರೆಯಿರಿ.

ನವೆಂಬರಿನ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದೆ ಸರಿಯುವುದರಿಂದ ಅವರ ಆರೂವರೆಯ ಕಾಲ್ ಏಳೂವರೆಗೆ ಹೋಗುತ್ತದೆ. ಮಾರ್ಚಿನ ಎರಡನೆಯ ಭಾನುವಾರದವರೆಗೂ ಹಾಗೆಯೇ. ಆ ತಿಂಗಳುಗಳಲ್ಲಿ ರಾತ್ರಿಯ ಊಟ ಕಾಲ್ ಮುಗಿಯುವವರೆಗೆ ಕಾದು ತಣ್ಣಗಾಗುವುದು ಬೇಡ, ಏಳು ಗಂಟೆಗೇ ಬಡಿಸಿಕೊಳ್ಳಿ.